ಹನ್ನೊಂದು ಜನ, ಹನ್ನೊಂದು ಸೂರ್ಯ

ನಮ್ಮದು ಹನ್ನೊಂದು ಜನರ ಸಣ್ಣ ಕಂಪನಿ. ಅರ್ಧ ಜನ ಬೆಂಗಳೂರಿನಲ್ಲಿ, ಉಳಿದವರು ಶಿರಸಿ, ಹಾಸನ, ಕಲಬುರಗಿ ಅಂತ ಅವರವರ ಊರಲ್ಲಿ. ಬಾಸ್ ಹೇಳಿದರು: "ವೆಬ್‌ಸೈಟಿಗೆ ಎಲ್ಲರೂ ಒಟ್ಟಿಗೆ ನಿಂತಿರೋ ಫೋಟೋ ಬೇಕು. ಒಬ್ಬೊಬ್ಬರದೇ ತರಿಸ್ಕೊಂಡು ಜೋಡಿಸಿಬಿಡಿ, ಫೋಟೋಶಾಪ್ ಇದೆಯಲ್ಲ."

ಫೋಟೋಗಳು ಬಂದವು. ಒಬ್ಬರದು ಮದುವೆಮನೆಯದ್ದು, ಭುಜದ ಮೇಲೆ ಯಾರದ್ದೋ ಕೈ ಹಾಗೇ ಉಳಿದಿತ್ತು. ಇನ್ನೊಬ್ಬನದು ಸೆಲ್ಫಿ. ಅಷ್ಟು ಹತ್ತಿರದಿಂದ ತೆಗೆದರೆ ಮೂಗು ಉಬ್ಬಿ, ಕಿವಿ ಹಿಂದಕ್ಕೆ ಸರಿದು ಕಾಣುತ್ತದೆ. ಎಷ್ಟು ಚಿಕ್ಕದು ಮಾಡಿದರೂ ಸಾಲಿನಲ್ಲಿ ಆ ಮೂಗೇ ಮುಂದೆ. ಅದಕ್ಕೆ ಫೋಟೋಶಾಪಿನಲ್ಲಿ ಒಳ್ಳೆ ಮದ್ದಿಲ್ಲ. "ಬೇರೆಯವರ ಕೈಗೆ ಫೋನ್ ಕೊಡಪ್ಪ, ಎಂಟು ಅಡಿ ದೂರದಿಂದ ಎದೆಮಟ್ಟದಲ್ಲಿ ಹಿಡಿದು ತೆಗೀಲಿ. ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತ ಕಳಿಸು, ಇಲ್ಲಾಂದ್ರೆ ಮಸುಕಾಗುತ್ತೆ" ಅಂದೆ.

ಹಿನ್ನೆಲೆ ಕತ್ತರಿಸಿದ್ದಾಯ್ತು, ತಲೆಗಳನ್ನೆಲ್ಲ ಹೆಚ್ಚುಕಮ್ಮಿ ಒಂದೇ ಅಳತೆಗೆ ತಂದಿದ್ದಾಯ್ತು. ಆದರೂ ಜನ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣಲಿಲ್ಲ. ಕಾರಣ ಮೂಗಿನ ನೆರಳು. ಶಿರಸಿಯವನಿಗೆ ಕಿಟಕಿ ಒಂದು ಕಡೆ, ಅಕೌಂಟ್ಸ್ ಮೇಡಂಗೆ ಇನ್ನೊಂದು ಕಡೆ. ಟ್ಯೂಬ್‌ಲೈಟಿನ ನೀಲಿ, ಬಲ್ಬಿನ ಹಳದಿ ಇವನ್ನು ಕರ್ವ್ಸ್‌ನಲ್ಲಿ ಎಳೆದಾಡಿ ಹತ್ತಿರ ತರಬಹುದು. ನೆರಳನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸೋದು ಅಷ್ಟು ಸುಲಭ ಅಲ್ಲ.

ಸುಲಭದ ದಾರಿ ಅಂದರೆ Flip Horizontal. ಒತ್ತಿದ ತಕ್ಷಣ ಮೇಡಂ ಸೆರಗು ಬಲ ಭುಜಕ್ಕೆ ಬಂತು. "ನಾನ್ಯಾವತ್ರೀ ಗುಜರಾತಿ ಸೀರೆ ಉಟ್ಟಿದ್ದು?" ಅಂತ ಫೋನ್ ಬಂತು. ಸೇಲ್ಸ್ ಹುಡುಗನ ಶರ್ಟ್ ಜೇಬು ಬಲಗಡೆಗೆ ಹೋಯ್ತು. ಐಡಿ ಕಾರ್ಡಿನ ಮೇಲೆ ಕಂಪನಿ ಹೆಸರು ಓದೋಕೆ ಕನ್ನಡಿ ಬೇಕಾಯ್ತು. ಎಲ್ಲರನ್ನೂ ಮತ್ತೆ ಸೀದಾ ಮಾಡಿದೆ.

ಕೊನೆಗೆ ಜನರ ಬದಲು ಜಾಗ ಬದಲಾಯಿಸಿದೆ. ಸಾಲಿನ ಮಧ್ಯಕ್ಕೆ ಎದುರು ಒಂದು ದೀಪ ಇದೆ ಅಂದ್ಕೊಳ್ಳಿ. ಫೋಟೋದಲ್ಲಿ ಬಲಗಡೆಯಿಂದ ಬೆಳಕು ಬಿದ್ದವರು ಎಡತುದಿಗೆ, ಎಡಗಡೆಯಿಂದ ಬಿದ್ದವರು ಬಲತುದಿಗೆ. ಮುಖಕ್ಕೆ ನೇರ ಬೆಳಕು ಬಿದ್ದವರು ಮಧ್ಯಕ್ಕೆ. ಕಾಲ ಕೆಳಗಿನ ನೆರಳಿನ ರಗಳೆ ಬೇಡ ಅಂತ ಎಲ್ಲರನ್ನೂ ಸೊಂಟಕ್ಕೇ ನಿಲ್ಲಿಸಿದೆ. ಆಗ ಒಂದು ಗುಂಪಿನ ಹಾಗೆ ಕಂಡಿತು.

ಆದರೆ ಬೆಳಕಿಗೆ ಸೀನಿಯಾರಿಟಿ ಗೊತ್ತಿಲ್ಲ. ಬಾಸ್ ತುದಿಗೆ ಹೋದರು, ಮೊನ್ನೆ ಸೇರಿದ ಇಂಟರ್ನ್ ನಟ್ಟನಡುವೆ. ಬಾಸ್ ನೋಡಿದರು, ಏನೂ ಅನ್ನಲಿಲ್ಲ. ಸಂಜೆ ಅವರಿಂದ ಹೊಸ ಫೋಟೋ ಬಂತು, ಮುಖಕ್ಕೆ ನೇರ ಫ್ಲಾಶ್.

ಸೈಟಿಗೆ ಹಾಕಿದ ವಾರದಲ್ಲೇ ಸೇಲ್ಸ್ ಹುಡುಗ ರಾಜೀನಾಮೆ ಕೊಟ್ಟ. ಲೇಯರ್ ಪಕ್ಕದ ಕಣ್ಣಿನ ಚಿಹ್ನೆ ಒತ್ತಿದೆ, ಮಾಯವಾದ. ಪಕ್ಕದವರನ್ನು ಸ್ವಲ್ಪ ಒತ್ತರಿಸಿ ಜಾಗ ಮುಚ್ಚಿದೆ. ಸೋಮವಾರ ಎಚ್‌ಆರ್ ಮೆಸೇಜ್ ಬಂತು: "ಅವನು ಹೋಗ್ತಾ ಇಲ್ವಂತೆ, ಸಂಬಳ ಜಾಸ್ತಿ ಮಾಡಿದ್ದಾರೆ. ವಾಪಸ್ ನಿಲ್ಲಿಸಿ. ಈ ಸಲ ಸ್ವಲ್ಪ ಮುಂದೆ ಬೇಕಂತೆ."