ಪರ–ವಿರೋಧ: ನಾಳೆಯ ಇಂಡೆಂಟ್‌ಗೆ ರ‍್ಯಾಂಡಮ್ ಫಾರೆಸ್ಟ್ ಬೇಕಾ?

ಪರ: ಬೇಕು, ಕೆಲವು ಕಡೆ

ನಾಳೆ ಎಷ್ಟು ಮಾಲು ಹೋಗುತ್ತದೆ ಅಂತ ಅಂದಾಜು ಮಾಡಲು ರ‍್ಯಾಂಡಮ್ ಫಾರೆಸ್ಟ್ ಅನ್ನುವ ಮೆಷಿನ್ ಲರ್ನಿಂಗ್ ವಿಧಾನ ಬೇಕಾ ಅನ್ನುವುದು ಪ್ರಶ್ನೆ. ನನಗೆ ‘ಪರ’ ಬರೆಯಲು ಹೇಳಿದ್ದಾರೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನಿಗೆ, ನೇರ ಗೆರೆ ಎಳೆದು ಅಂದಾಜು ಹೇಳುವ ಲೀನಿಯರ್ ರಿಗ್ರೆಷನ್ ತವರುಮನೆ ಇದ್ದ ಹಾಗೆ. ಆದರೂ ಒಪ್ಪಿಕೊಂಡ ಮೇಲೆ ವಾದ ಮಾಡಲೇಬೇಕು ಅಲ್ವಾ?

ದಾವಣಗೆರೆಯ ಒಂದು ಮೊಸರಿನ ಏಜೆನ್ಸಿಯನ್ನೇ ತೆಗೆದುಕೊಳ್ಳೋಣ. ನಾಳೆ ಎಷ್ಟು ಪ್ಯಾಕೆಟ್ ಬೇಕು ಅಂತ ಹಿಂದಿನ ದಿನವೇ ಇಂಡೆಂಟ್ ಹಾಕಬೇಕು. ಬಿಸಿಲು ಏರಿದರೆ ಮೊಸರು ಜಾಸ್ತಿ ಹೋಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ 28 ಡಿಗ್ರಿ ಇದ್ದದ್ದು 30 ಆದರೆ ಯಾರೂ ಹೆಚ್ಚಿಗೆ ಒಂದು ಪ್ಯಾಕೆಟ್ ಕೊಳ್ಳುವುದಿಲ್ಲ. 34 ದಾಟಿತು ಅಂದರೆ ಒಮ್ಮೆಗೇ ಎದ್ದು ಬಿಡುತ್ತದೆ. ಅದೇ ದಿನ ಮಧ್ಯಾಹ್ನ ಮಳೆ ಬಿದ್ದರೆ ಆ ಏರಿಕೆ ಅಲ್ಲೇ ನಿಲ್ಲುತ್ತದೆ. ಲೀನಿಯರ್ ಮಾಡೆಲ್‌ಗೆ ಇದನ್ನೆಲ್ಲ ನಾವೇ ಹೇಳಿಕೊಡಬೇಕು. ಹೇಳದಿದ್ದರೆ ಅದು ಪ್ರತಿ ಡಿಗ್ರಿಗೂ ಒಂದೇ ಲೆಕ್ಕ ಹಾಕುತ್ತದೆ, ಮಳೆ ಇದ್ದರೂ ಇಲ್ಲದಿದ್ದರೂ.

ರ‍್ಯಾಂಡಮ್ ಫಾರೆಸ್ಟ್ ತಾನೇ ಹುಡುಕಿಕೊಳ್ಳುತ್ತದೆ. ಲಿಯೋ ಬ್ರೈಮನ್ 2001ರಲ್ಲಿ ಇದನ್ನು ವಿವರಿಸಿದ್ದು. ದಾಖಲೆಯಲ್ಲಿರುವ ದಿನಗಳಲ್ಲಿ ಕೆಲವನ್ನು ಲಾಟರಿಯಂತೆ ಎತ್ತಿ ಒಂದು ಟ್ರೀ ಕಟ್ಟುತ್ತಾರೆ. ಆ ಟ್ರೀ ಪ್ರಶ್ನೆ ಕೇಳುತ್ತಾ ಹೋಗುತ್ತದೆ: 34 ದಾಟಿದೆಯಾ? ಮಳೆ ಇದೆಯಾ? ಭಾನುವಾರವಾ? ಕೊನೆಗೆ ಒಂದೇ ತರಹದ ದಿನಗಳು ಒಂದು ಕಡೆ ಸೇರುತ್ತವೆ. ಅವುಗಳ ಸರಾಸರಿಯೇ ಆ ಟ್ರೀಯ ಉತ್ತರ. ಇಂಥ ನೂರಾರು ಟ್ರೀಗಳ ಉತ್ತರವನ್ನು ಮತ್ತೆ ಸರಾಸರಿ ಮಾಡಿದರೆ ಅಂದಾಜು ಸಿಕ್ಕಿತು.

ಒಂದೇ ಐಟಂ ಇದ್ದರೆ 34ರ ಗೆರೆಯನ್ನು ಮನುಷ್ಯನೇ ಹುಡುಕಬಹುದು. ಸಾವಿರ ಐಟಂ, ಹತ್ತು ಅಂಗಡಿ ಇದ್ದರೆ? 2020ರಲ್ಲಿ ನಡೆದ ಎಂ5 ಅನ್ನುವ ಅಂದಾಜು ಸ್ಪರ್ಧೆಯಲ್ಲಿ ಅಮೆರಿಕದ ವಾಲ್‌ಮಾರ್ಟ್‌ನ 10 ಅಂಗಡಿಗಳ 3,049 ಐಟಂಗಳ ಮಾರಾಟ ಕೊಟ್ಟಿದ್ದರು. ಮುಂದೆ ಬಂದದ್ದು ಟ್ರೀಗಳನ್ನು ಬಳಸುವ ವಿಧಾನಗಳೇ. ಒಂದು ಐಟಂನಲ್ಲಿ ಕಲಿತದ್ದು ಇನ್ನೊಂದಕ್ಕೆ ಉಪಯೋಗಕ್ಕೆ ಬರುತ್ತದೆ. ಮೆಷಿನ್ ಲರ್ನಿಂಗ್ ನಿಜವಾಗಿ ಸಹಾಯ ಮಾಡುವುದು ಇಂಥ ಕಡೆ.

ಫಾರೆಸ್ಟ್‌ನ ಅಂದಾಜು ಹಳೆಯ ಮಾರಾಟದ ಗರಿಷ್ಠವನ್ನು ದಾಟುವುದಿಲ್ಲ ಅಂತ ‘ವಿರೋಧ’ದವರು ಬರೆದೇ ಬರೆಯುತ್ತಾರೆ, ನನಗೆ ಗೊತ್ತು. ದಾಟಬೇಕಾದರೆ ಪ್ರಶ್ನೆ ಬದಲಿಸಿ. ನಾಳೆ ಎಷ್ಟು ಅಂತ ಕೇಳಬೇಡಿ, ಅಂಗಡಿಯೊಂದಕ್ಕೆ ಎಷ್ಟು ಅಂತ ಕೇಳಿ. ಬಂದ ಉತ್ತರವನ್ನು ಅಂಗಡಿಗಳ ಸಂಖ್ಯೆಯಿಂದ ಗುಣಿಸಿ. ಅಷ್ಟೇ.

ವಿರೋಧ: ಸುಮ್ನೆ ಯಾಕೆ?

ಮೇಷ್ಟ್ರು ವಾಲ್‌ಮಾರ್ಟ್‌ಗೆ ಹೋಗಿ ಬಂದರು. ನಾನು ದಾವಣಗೆರೆಯ ನಿಟ್ಟುವಳ್ಳಿ ದಾಟುವುದಿಲ್ಲ. ಅಂದಹಾಗೆ ಎಂ5ರಲ್ಲಿ ಗೆದ್ದದ್ದು ಲೈಟ್‌ಜಿಬಿಎಂ. ಅದರಲ್ಲೂ ಟ್ರೀ ಇರುತ್ತದೆ, ಆದರೆ ಅದು ರ‍್ಯಾಂಡಮ್ ಫಾರೆಸ್ಟ್ ಅಲ್ಲ. ಅದಕ್ಕೂ ಎರಡು ವರ್ಷ ಮುಂಚೆ, 2018ರ ಎಂ4ರಲ್ಲಿ, ಬರೀ ಮೆಷಿನ್ ಲರ್ನಿಂಗ್ ನಂಬಿ ಬಂದ ವಿಧಾನಗಳು ಸಾದಾ ವಿಧಾನಗಳ ಹಿಂದೆ ಉಳಿದದ್ದನ್ನು ಅವರು ಹೇಳಲೇ ಇಲ್ಲ.

ಅವರು ಹೇಳಿದಂಥ ಏಜೆನ್ಸಿಯಲ್ಲೇ ನನ್ನ ಕೆಲಸ. ನಮ್ಮ ಮಾವನದು. ಒಂದು ಸಾಫ್ಟ್‌ವೇರ್ ಕಂಪನಿಯವರು ಬಂದು ಫಾರೆಸ್ಟ್ ಹಾಕಿಕೊಟ್ಟರು. ತಪ್ಪು ನೂರಕ್ಕೆ ಬರೀ ನಾಲ್ಕು ಅಂತ ತೋರಿಸಿದರು. ಆ ನಾಲ್ಕು ಹೇಗೆ ಬಂತು ಅಂತ ಕೇಳಿದೆ. ಎರಡು ವರ್ಷದ ದಿನಗಳನ್ನು ಕಲೆಸಿ, ಕೆಲವನ್ನು ಪಕ್ಕಕ್ಕಿಟ್ಟು ಪರೀಕ್ಷೆ ಮಾಡಿದ್ದರು. ಏಪ್ರಿಲ್ 12 ಪರೀಕ್ಷೆಯಲ್ಲಿದ್ದರೆ 11 ಮತ್ತು 13 ಪಾಠದಲ್ಲೇ ಇರುತ್ತವೆ! ಆಚೆ ಈಚೆಯ ದಿನ ನೋಡಿಕೊಂಡು ನಡುವಿನದು ಹೇಳುವುದು ಏನು ಕಷ್ಟ? ನಿಜವಾದ ಪರೀಕ್ಷೆ ಅಂದರೆ ಫೆಬ್ರವರಿವರೆಗೆ ಕಲಿಸಿ, ಮಾರ್ಚ್ ಏಪ್ರಿಲ್ ಮುಚ್ಚಿಟ್ಟು ಕೇಳುವುದು. ಜೊತೆಗೆ ‘ಕಳೆದ ವಾರ ಇದೇ ದಿನ ಎಷ್ಟು ಹೋಗಿತ್ತೋ ಅಷ್ಟೇ’ ಅನ್ನುವ ಬಿಟ್ಟಿ ಅಂದಾಜನ್ನೂ ಪಕ್ಕದಲ್ಲಿಡಬೇಕು. ಅದನ್ನೇ ಸೋಲಿಸಲಾಗದ ಮಾಡೆಲ್‌ಗೆ ದುಡ್ಡು ಯಾಕೆ?

ಆಮೇಲೆ ಬೇಸಿಗೆ ಬಂತು. ಅಷ್ಟರಲ್ಲಿ ಹೊಸ ಬಡಾವಣೆಗಳನ್ನು ಹಿಡಿದಿದ್ದೆವು. ಹಿಂದೆ ಎಂದೂ 85ಕ್ಕಿಂತ ಹೆಚ್ಚು ಅಂಗಡಿ ಇರಲಿಲ್ಲ, ಈಗ 115. ನನ್ನ ಎಕ್ಸೆಲ್ ಲೆಕ್ಕ ಸರಳ. ಅಂಗಡಿಗೆ 9 ಪ್ಯಾಕೆಟ್. ಭಾನುವಾರ ಆದರೆ ಮೇಲೆ 110. 34ರ ಮೇಲಿನ ಪ್ರತಿ ಡಿಗ್ರಿಗೆ 30. ಮೇಷ್ಟ್ರು ಹೇಳಿದ 34ರ ಗೆರೆಗೆ ಫಾರೆಸ್ಟ್ ಬೇಕಿಲ್ಲ, `max(0, t-34)` ಅಂತ ಒಂದು ಕಾಲಂ ಸಾಕು. 38 ಡಿಗ್ರಿಯ ಭಾನುವಾರಕ್ಕೆ 115 ಅಂಗಡಿ ಅಂದರೆ 1,035, ಅದರ ಮೇಲೆ 110, ಬಿಸಿಲಿಗೆ 120. ಒಟ್ಟು 1,265. (ಅಂಗಡಿ ಜಾಸ್ತಿ ಆದರೆ ಬಿಸಿಲಿನ ಪಾಲೂ ಜಾಸ್ತಿ ಆಗಬೇಕು. ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ.)

ಫಾರೆಸ್ಟ್ ಸಾವಿರ ಅಂದಿತು. ಅಂಗಡಿಗಳ ಸಂಖ್ಯೆ ಅದಕ್ಕೂ ಕೊಟ್ಟಿದ್ದೆವು. ಆದರೆ ಟ್ರೀ ಕೇಳುವ ಪ್ರಶ್ನೆ ‘80ಕ್ಕಿಂತ ಹೆಚ್ಚಾ?’ ಅಂತ. 85ಕ್ಕೂ ಹೌದು, 115ಕ್ಕೂ ಹೌದು. ಎರಡೂ ಒಂದೇ ಗುಂಪಿಗೆ ಬೀಳುತ್ತವೆ, ಎರಡಕ್ಕೂ ಹಳೆಯ ಸರಾಸರಿಯೇ ಉತ್ತರ. ನನ್ನ ಲೆಕ್ಕದಲ್ಲಿ 115ರ ಜಾಗದಲ್ಲಿ 85 ಹಾಕಿದರೂ 995 ಬರುತ್ತದೆ.

ಮಾವ ಕಂಪನಿಯವರ ಮಾತಿನಂತೆ ಸಾವಿರಕ್ಕೇ ಇಂಡೆಂಟ್ ಹಾಕಿಸಿದರು. ಬೆಳಿಗ್ಗೆ ಹತ್ತಕ್ಕೆ ಕ್ರೇಟ್ ಖಾಲಿ. ಹೊಸ ಅಂಗಡಿಯವರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿದರು. “ಏನಪ್ಪಾ, ನಿನ್ನ ಕಂಪ್ಯೂಟರು ಸಾವಿರ ದಾಟಲ್ಲ ಅಂತ ಹಟ ಹಿಡಿದಿದೆಯಾ?” ಅಂತ ಮಾವ ನನ್ನನ್ನೇ ಕೇಳಿದರು. ಅದು ನನ್ನ ಕಂಪ್ಯೂಟರೇ ಅಲ್ಲ!

ಇದರಲ್ಲಿ ಮೋಸದ ಜಾಗ ಯಾವುದು ಗೊತ್ತಾ? ಆ ದಿನದ ಅಂದಾಜು ಸಾವಿರ, ಮಾರಾಟವೂ ಸಾವಿರ. ರಿಪೋರ್ಟ್‌ನಲ್ಲಿ ತಪ್ಪು ಸೊನ್ನೆ! ಇದ್ದದ್ದೇ ಅಷ್ಟು, ಅದಕ್ಕಿಂತ ಹೆಚ್ಚು ಮಾರುವುದು ಹೇಗೆ? ಆ ಸಾವಿರವೇ ಮತ್ತೆ ಪಾಠಕ್ಕೆ ಹೋಯಿತು. ಮಾಡೆಲ್ ತಾನೇ ಹಾಕಿದ ಬೇಲಿಯನ್ನು ಊರಿನ ಬೇಡಿಕೆ ಅಂದುಕೊಂಡಿತು. ಅವತ್ತಿನಿಂದ ನಾನು ‘ಖಾಲಿ ಆದ ಹೊತ್ತು’ ಅಂತ ಒಂದು ಕಾಲಂ ಸೇರಿಸಿದೆ. ಸಂಜೆಗೆ ಮುಂಚೆ ಖಾಲಿಯಾದ ದಿನಗಳನ್ನು ಲೆಕ್ಕದಿಂದ ಬಿಡುತ್ತೇನೆ. ಲೀನಿಯರ್ ಮಾಡೆಲ್‌ಗೂ ಇದೇ ರೋಗ ಬರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅಂಗಡಿಗೆ 9 ಇದ್ದದ್ದು 7ಕ್ಕೆ ಇಳಿದರೆ ನನ್ನ ಕಣ್ಣಿಗೆ ಬೀಳುತ್ತದೆ. ಐನೂರು ಟ್ರೀಗಳಲ್ಲಿ ಅದನ್ನು ಎಲ್ಲಿ ಅಂತ ಹುಡುಕಲಿ?

ದುಗ್ಗಮ್ಮನ ಜಾತ್ರೆಯ ಮಾತೂ ಇದೇ. ಅದು ಎರಡು ವರ್ಷಕ್ಕೊಮ್ಮೆ. ನಮ್ಮ ಎರಡು ವರ್ಷದ ದಾಖಲೆಯಲ್ಲಿ ಇರುವುದು ಒಂದೇ ಜಾತ್ರೆ. ಮನೆ ಮನೆಗೂ ನೆಂಟರು ಬರುವ ಆ ಕೆಲವೇ ದಿನಗಳು ಫಾರೆಸ್ಟ್‌ನಲ್ಲಿ ಮಾರ್ಚ್‌ನ ಉಳಿದ ದಿನಗಳ ಜೊತೆ ಕಲೆಸಿ ಹೋಗುತ್ತವೆ. ನನ್ನ ಹಾಳೆಯಲ್ಲಿ ಜಾತ್ರೆಗೆ ಬೇರೆ ಸಾಲು ಇದೆ. ಒಂದೇ ಜಾತ್ರೆಯ ಲೆಕ್ಕ, ನಿಜ. ಮಾವನನ್ನು ಕೇಳಿ ಆ ಅಂಕಿಯನ್ನು ತಿದ್ದುತ್ತೇನೆ.

ಮೇಷ್ಟ್ರ ಉಪಾಯವನ್ನೂ ಓದಿದೆ. ಅಂಗಡಿಯೊಂದಕ್ಕೆ ಎಷ್ಟು ಅಂತ ಕೇಳಿ, ಆಮೇಲೆ ಗುಣಿಸಬೇಕಂತೆ. ಗುಣಿಸುವ ಕೆಲಸವನ್ನು ನಾನು ಎಕ್ಸೆಲ್‌ನಲ್ಲಿ ಆಗಲೇ ಮಾಡುತ್ತಿದ್ದೇನೆ ಸಾರ್.