ತಟ್ಟೆ ಯಾರ ಎಡಕ್ಕಿತ್ತು?

ಏಪ್ರಿಲ್ ಕೊನೆಯಲ್ಲಿ ಸಾಗರದ ಹತ್ತಿರದ ದೊಡ್ಡಮ್ಮನ ಮನೆಗೆ ಹೋದಾಗ ಅಲ್ಲಿ ಹಲಸಿನ ಹಪ್ಪಳದ ಸಂಭ್ರಮ. ಬೇಯಿಸಿದ ಸೊಳೆ ಒರಳಿನಲ್ಲಿ, ಉಂಡೆಗಳು ತಟ್ಟೆಯಲ್ಲಿ, ಒತ್ತಿದ ಹಪ್ಪಳ ಅಂಗಳದ ಚಾಪೆಯ ಮೇಲೆ. ನಾನು ಕೈ ತೊಳೆದು ಕೂರುವ ಬದಲು ಫೋನ್ ಹಿಡಿದು ಸುತ್ತಿದೆ. ಸಂಜೆ ನೋಡಿದರೆ 41 ಕ್ಲಿಪ್, ಒಟ್ಟು 38 ನಿಮಿಷ. ಮನೆಯವರ ವಾಟ್ಸಾಪ್ ಗುಂಪಿಗೆ ಬೇಕಾದದ್ದು ಮೂರೇ ನಿಮಿಷ.

ಅಕ್ಕನ ಮಗ ದಾರಿ ತೋರಿಸಿದ. "ಮಾವ, ಯಾವ ಕ್ಲಿಪ್‌ನಲ್ಲಿ ಏನಿದೆ ಅಂತ ಬರೆದು ಎಐಗೆ ಹಾಕು, ಯಾವುದರ ಮುಂದೆ ಯಾವುದು ಅಂತ ಪಟ್ಟಿ ಕೊಡತ್ತೆ. ಆದ್ರೆ ಈ ಉಚಿತದ್ದಕ್ಕೆ ವಿಡಿಯೋ ಕಾಣಲ್ಲ, ಅಕ್ಷರ ಮಾತ್ರ." ಬರೆಯುವುದು ತಾನೆ, ಅದೇನು ಮಹಾ ಎಂದುಕೊಂಡೆ. ಅರ್ಧ ಗಂಟೆಯಲ್ಲಿ ಮುಗಿಸಿದೆ. "14: ದೊಡ್ಡಮ್ಮ ಹಪ್ಪಳ ಒತ್ತುವುದು, ತುಂಬಾ ಚೆನ್ನಾಗಿ ಬಂದಿದೆ. 17: ಕೈಗಳ ಕ್ಲೋಸ್‌ಅಪ್, ಸೂಪರ್. 23: ಚಾಪೆ, ಬಿಸಿಲು."

ಬಂದ ಯೋಜನೆ ಓದಲು ಸೊಗಸಾಗಿತ್ತು. 14ರಿಂದ ಎಂಟು ಸೆಕೆಂಡ್, ಅಲ್ಲಿಂದ ನೇರ 17ಕ್ಕೆ. ಎಡಿಟಿಂಗ್ ಆ್ಯಪ್‌ನಲ್ಲಿ ಹಾಗೇ ಜೋಡಿಸಿ ನೋಡಿದೆ. ದೊಡ್ಡಮ್ಮ ಎಡಕ್ಕಿದ್ದ ತಟ್ಟೆಯಿಂದ ಉಂಡೆ ತೆಗೆದುಕೊಂಡಳು, ಮರುಕ್ಷಣ ತಟ್ಟೆ ಬಲಕ್ಕೆ ಹಾರಿತ್ತು. ಕೈಗಳು ಬೇರೆ ಯಾರದೋ ಅನ್ನಿಸಿತು.

ತಪ್ಪು ನನ್ನದೇ. 14ನ್ನು ನಾನು ದೊಡ್ಡಮ್ಮನ ಎದುರು ಕೂತು ತೆಗೆದದ್ದು. ಎದುರಿಗಿದ್ದವರ ಬಲಗೈ ಚಿತ್ರದಲ್ಲಿ ಎಡಕ್ಕೆ ಬರುತ್ತದೆ, ಬಲಗೈ ಪಕ್ಕದ ತಟ್ಟೆಯೂ ಎಡಕ್ಕೇ. 17ನ್ನು ಅವಳ ಹಿಂದೆ ನಿಂತು ಭುಜದ ಮೇಲಿಂದ ತೆಗೆದದ್ದು. ಅಲ್ಲಿ ತಟ್ಟೆ ಬಲಕ್ಕೆ. ಇದನ್ನೇ ಸಿನಿಮಾದವರು 180 ಡಿಗ್ರಿ ನಿಯಮ ಅನ್ನುತ್ತಾರೆ: ನಡೆಯುತ್ತಿರುವುದರ ನಡುವೆ ಒಂದು ಗೆರೆ ಎಳೆದುಕೊಂಡು ಕ್ಯಾಮೆರಾ ಅದರ ಒಂದೇ ಬದಿಗಿರಬೇಕು, ದಾಟಿದರೆ ಎಡಬಲ ತಿರುಗುಮುರುಗು. ನಾನು ದಾಟಿದ್ದೆ, ದಾಟಿದೆನೆಂದು ಬರೆಯಲಿಲ್ಲ. ಕಣ್ಣಿಲ್ಲದ್ದಕ್ಕೆ "ಕೈಗಳ ಕ್ಲೋಸ್‌ಅಪ್, ಸೂಪರ್" ಅಂದರೆ ಅದು ಎಲ್ಲಿಂದ ತಿಳಿದೀತು? ನನಗೋ ಆ ಅಡುಗೆಮನೆ ಪೂರ್ತಿ ತಲೆಯಲ್ಲಿತ್ತು, ತಟ್ಟೆ ಎಲ್ಲಿತ್ತು, ಬಾಗಿಲು ಎಲ್ಲಿತ್ತು ಎಲ್ಲವೂ. ಹಾಗಾಗಿ ಅದು ಕಾಗದಕ್ಕೆ ಇಳಿದೇ ಇರಲಿಲ್ಲ.

ಎರಡನೇ ಸಲ ಪ್ರತಿ ಕ್ಲಿಪ್ ನಿಲ್ಲಿಸಿ ನಿಲ್ಲಿಸಿ ಬರೆದೆ. 14 ಹೀಗಾಯಿತು:

"22 ಸೆಕೆಂಡ್. ಎದುರಿನಿಂದ, ಸೊಂಟದಿಂದ ಮೇಲೆ. 0:00–0:03 ಫೋನ್ ಅಲುಗಾಟ, ಬೇಡ. ಆಮೇಲೆ ಕ್ಯಾಮೆರಾ ಕದಲುವುದಿಲ್ಲ. 0:04 ಅವಳ ಬಲಗೈ ಚಿತ್ರದ ಎಡದ ತಟ್ಟೆಗೆ ಹೋಗುತ್ತದೆ. 0:07 ಉಂಡೆ ಪ್ಲಾಸ್ಟಿಕ್ ಹಾಳೆಯ ಮೇಲೆ. 0:09 ಮಣೆ ಉಂಡೆಗೆ ತಾಗುತ್ತದೆ. 0:12–0:17 ಮಾತು: 'ಜಾಸ್ತಿ ಒತ್ತಿದ್ರೆ ಹರಿಯತ್ತೆ, ಕಮ್ಮಿ ಒತ್ತಿದ್ರೆ ಬೇಗ ಒಣಗಲ್ಲ.' 0:19 ತಲೆ ಎತ್ತಿ ಚಿತ್ರದ ಬಲಕ್ಕೆ ನೋಡುತ್ತಾಳೆ."

"ತುಂಬಾ ಚೆನ್ನಾಗಿದೆ" ಹಾರಿಹೋಗಿತ್ತು, ಅದರಿಂದ ಯಾವ ಕತ್ತರಿಗೂ ಉಪಯೋಗವಿಲ್ಲ. ಎಡಬಲವೆಲ್ಲ ಚಿತ್ರದ ಎಡಬಲ ಎಂದು ಮೇಲೆಯೇ ಒಂದು ಸಾಲು ಹಾಕಿದೆ. ನಮ್ಮೂರಲ್ಲಿ ಮನೆಗೆ ದಾರಿ ಹೇಳುವವರು ಫೋನಿನಲ್ಲಿ "ಬಲಕ್ಕೆ ತಿರುಗಿ" ಅನ್ನುವುದು ಮನೆಯಿಂದ ಹೊರಗೆ ಹೊರಟ ತಮ್ಮ ಬಲಕ್ಕೆ. ಎಷ್ಟು ನೆಂಟರು ಅಡಿಕೆ ತೋಟದಲ್ಲಿ ಕಾರು ಸಿಕ್ಕಿಸಿಕೊಂಡಿದ್ದಾರೋ.

ಈ ಸಲದ ಯೋಜನೆ 14 ಮತ್ತು 17ನ್ನು ಅಕ್ಕಪಕ್ಕ ಕೂರಿಸಲಿಲ್ಲ. ಮಣೆ ತಾಗಿದ ಮೇಲೆ 23, ಅಂದರೆ ಅಂಗಳದ ಚಾಪೆ. ಅದನ್ನು ನೆತ್ತಿಯ ಮೇಲಿಂದ ತೆಗೆದದ್ದು, ಅಡುಗೆಮನೆಯ ಎಡಬಲ ಅದಕ್ಕೆ ಅಂಟಿರಲಿಲ್ಲ. ಚಾಪೆ ಕಾಣುತ್ತಿರುವಾಗ ಕಿವಿಗೆ ಮಾತ್ರ 14ರ ಮಾತು ಮುಂದುವರಿಯಬೇಕು: "ಕಮ್ಮಿ ಒತ್ತಿದ್ರೆ ಬೇಗ ಒಣಗಲ್ಲ." ಚಿತ್ರ ಬದಲಾದರೂ ಹಿಂದಿನ ದನಿ ಉಳಿಯುವ ಇದಕ್ಕೆ ಎಲ್-ಕಟ್ ಅನ್ನುತ್ತಾರೆ. ಅದಾದ ಮೇಲೆ 17. ಅಷ್ಟರಲ್ಲಿ ನೋಡುವವರು ತಟ್ಟೆಯನ್ನು ಮರೆತಿರುತ್ತಾರೆ. ಮಾತನ್ನು ಅಕ್ಷರಶಃ ಬರೆದದ್ದಕ್ಕೆ ಈ ಜೋಡಣೆ ಹುಟ್ಟಿತು. "ಒತ್ತುವ ಬಗ್ಗೆ ಏನೋ ಹೇಳುತ್ತಾಳೆ" ಎಂದಿದ್ದರೆ ಒಣಗುವ ಮಾತು ಒಣಗುವ ಹಪ್ಪಳದ ಮೇಲೆ ಬೀಳುತ್ತಿರಲಿಲ್ಲ.

ಹಾಗೆಂದು ಕಣ್ಣುಮುಚ್ಚಿ ನಂಬುವಂತಿರಲಿಲ್ಲ. 9ನೇ ಕ್ಲಿಪ್ಪಿನ 0:18ರಿಂದ 0:26 ಬಳಸಿ ಎಂದಿತ್ತು, ಆ ಕ್ಲಿಪ್ ಇರುವುದೇ 20 ಸೆಕೆಂಡ್. ಮೊಮ್ಮಗು ಹಪ್ಪಳ ಕದ್ದು ನಗುವ ಶಾಟ್ ಒಂದನ್ನು ಕೇಳಿತ್ತು, ಅಂಥದ್ದನ್ನು ನಾನು ತೆಗೆದೇ ಇಲ್ಲ. ಕೆಳಗೆ "ಒಟ್ಟು 180 ಸೆಕೆಂಡ್" ಎಂದಿತ್ತು, ನಾನು ಕೂಡಿದರೆ 214. ಅಂಗಡಿ ಚೀಟಿ ತಾಳೆ ನೋಡುವ ಹಾಗೆ ಪ್ರತಿ ಸಾಲನ್ನೂ ನನ್ನ ಪಟ್ಟಿಯ ಎದುರಿಟ್ಟು ನೋಡಿದೆ. ಇನ್ನೊಂದು ಮಿತಿಯೂ ಉಂಟು. ನಾನು ಬರೆದದ್ದು ಸೆಕೆಂಡಿನಲ್ಲಿ, ನನ್ನ ಫೋನ್ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ. ಮಣೆ ಉಂಡೆಗೆ ತಾಗುವ ಕ್ಷಣ ಆ ಮೂವತ್ತರಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ಐದಾರು ಫ್ರೇಮ್ ಹಿಂದೆ ಮುಂದೆ ಎಳೆಯುವುದು ನನ್ನ ಹೆಬ್ಬೆರಳಿನ ಕೆಲಸವೇ ಆಯಿತು.

ಇಷ್ಟೆಲ್ಲ ಮಾಡಿಯೂ ಕಿವಿಯನ್ನು ಮರೆತಿದ್ದೆ. ನಡುಮನೆಯಲ್ಲಿ ಆಗ ಟಿವಿ ಓಡುತ್ತಿತ್ತು. ಅಡುಗೆಮನೆಯಲ್ಲಿದ್ದ ನಮಗೆ ಅದು ಗೋಡೆಯ ಬಣ್ಣದ ಹಾಗೆ, ಇದ್ದೂ ಇಲ್ಲ. ಕ್ಲಿಪ್‌ಗಳನ್ನು ಜೋಡಿಸಿದ ಮೇಲೆ ಕೇಳಿದರೆ, ಒಂದು ಕಟ್‌ನಲ್ಲಿ ಧಾರಾವಾಹಿಯ ಸೊಸೆ "ಅತ್ತೆ, ನಾನು" ಎಂದು ಬಿಕ್ಕುತ್ತಿದ್ದಾಳೆ, ಮುಂದಿನ ಕಟ್‌ನಲ್ಲಿ ಪಾತ್ರೆ ಸೋಪಿನ ಜಾಹೀರಾತು, ಅದರ ಮುಂದಿನದರಲ್ಲಿ ಮತ್ತೆ ಬಿಕ್ಕು. ಮೂರನೇ ಸಲ ಕೂತು ಪ್ರತಿ ಕ್ಲಿಪ್ಪಿಗೂ ಹಿನ್ನೆಲೆ ಶಬ್ದ ಸೇರಿಸಿದೆ: ಟಿವಿ ಇದೆ, ಟಿವಿ ಇಲ್ಲ, ಕಾಗೆ, ಬೈಕ್. ಟಿವಿ ಇದ್ದ ಕಡೆ ಚಿತ್ರ ಮಾತ್ರ ಇಟ್ಟು, ಅಂಗಳದಲ್ಲಿ ತೆಗೆದ ಒಂದು ಉದ್ದ ಕ್ಲಿಪ್ಪಿನ ಸದ್ದನ್ನು ಅಡಿಗೆ ಹಾಸುವ ಉಪಾಯ ಆಗ ಬಂತು. 14ರಲ್ಲಿ ಮಾತ್ರ ಅದು ನಡೆಯಲಿಲ್ಲ. ದೊಡ್ಡಮ್ಮನ ಮಾತೂ ಸೊಸೆಯ ಅಳುವೂ ಒಂದೇ ದನಿಯಲ್ಲಿ ಹೆಣೆದುಕೊಂಡಿದ್ದವು.

31ನೆಯದರ ಮುಂದೆ ತುಸು ಹೊತ್ತು ಕೂತೆ. ಕಾಣುವುದನ್ನಷ್ಟೇ ಬರೆದರೆ: "6 ಸೆಕೆಂಡ್. ಮುಖ ಮಾತ್ರ. ಕ್ಯಾಮೆರಾ ನೋಡುತ್ತಾಳೆ. ಮಾತಿಲ್ಲ, ಅಲುಗಾಟವಿಲ್ಲ." ಯೋಜನೆ ಎರಡು ಸಲವೂ ಇದನ್ನು ಕೈಬಿಟ್ಟಿತ್ತು, ನ್ಯಾಯವೇ. ಮೂರನೇ ಸಲ ಪಕ್ಕದಲ್ಲಿ "ಚಿತ್ರದಲ್ಲಿ ಕಾಣದ್ದು" ಎಂದು ಬೇರೆಯಾಗಿ ಬರೆದೆ: "ಫೋಟೋ ತೆಗೆಯುತ್ತಿದ್ದಾರೆ ಅಂದುಕೊಂಡು ಉಸಿರು ಬಿಗಿಹಿಡಿದು ಕೂತಿದ್ದಾಳೆ." ಈ ಬಾರಿ ಅದು ಕೊನೆಯ ಶಾಟ್ ಆಗಿ ಬಂತು, ಪೂರ್ತಿ ಆರು ಸೆಕೆಂಡ್, ಮೇಲೆ ಸಂಗೀತ ಬೇಡ ಎಂಬ ಸೂಚನೆಯೊಂದಿಗೆ.

ಮುಂದಿನ ಸಲ ಹೋದಾಗ ವಿಡಿಯೋ ತೋರಿಸಿದೆ. ದೊಡ್ಡಮ್ಮ ಕನ್ನಡಕ ಏರಿಸಿ ಮೂರು ನಿಮಿಷವೂ ಕದಲದೆ ನೋಡಿದಳು. ಮತ್ತೊಮ್ಮೆ ಹಾಕು ಅಂದಳು. 14 ಬಂದಾಗ ಕಿವಿಯನ್ನು ಫೋನಿನ ಹತ್ತಿರ ತಂದಳು.

"ಅಯ್ಯೋ, ಆವತ್ತು ಅವಳು ಅತ್ತೆಗೆ ಏನು ಹೇಳಿದ್ಲು ಅಂತ ಈ ಹಪ್ಪಳದ ಗಲಾಟೇಲಿ ನೋಡ್ಲೇ ಇಲ್ಲ ಮಾರಾಯ. ಮುಂದಿಂದು ಇದ್ರಲ್ಲಿ ಬರಲ್ವಾ?"