ಹಾಲ್‌ನ ಲೈಟ್ ಆರುವವರೆಗೆ

ಆಫೀಸ್ ಮುಗಿಸಿ ಬಂದರೂ ಮೇಲೆ ಹತ್ತಿ ಹೋಗಲು ಮನಸ್ಸಾಗುವುದಿಲ್ಲ. ಗಾಡಿ ನಿಲ್ಲಿಸಿ ಅದರ ಮೇಲೇ ಕೂತು, ನಮ್ಮ ಹಾಲ್‌ನ ಲೈಟ್ ಉರಿಯುತ್ತಿದೆಯಾ ಅಂತ ನೋಡುತ್ತೇನೆ. ಉರಿಯುತ್ತಿದ್ದರೆ ಇನ್ನೂ ಹತ್ತು ನಿಮಿಷ ಅಲ್ಲೇ.

ಜಗಳ ಆಗಿಲ್ಲ. ಅದೇ ತೊಂದರೆ. ಶುರುವಾಗಿದ್ದು ಕುಕ್ಕರಿನಿಂದ. ರೂಮ್‌ಮೇಟ್ ರಾತ್ರಿ ಅನ್ನ ಮಾಡಿ ಕುಕ್ಕರನ್ನು ಸಿಂಕ್‌ನಲ್ಲಿ ಹಾಗೇ ಬಿಟ್ಟಳು. ಬೆಳಿಗ್ಗೆ ಅಗಳೆಲ್ಲ ಒಣಗಿ ಅಂಟಿತ್ತು. ಡಬ್ಬಿ ಕಟ್ಟುವ ಅವಸರದಲ್ಲಿ ನಾನೇ ತಿಕ್ಕಿದೆ. ಅವತ್ತೇ "ನೀರಾದರೂ ಹಾಕಿಡೇ" ಅಂದಿದ್ದರೆ ಮುಗಿಯುತ್ತಿತ್ತು. ಮೂರು ತಿಂಗಳು ಸುಮ್ನೆ ತಿಕ್ಕಿದ ಮೇಲೆ ಹೇಗೆ ಹೇಳುವುದು? ಈಗ ಬಾಯಿ ಬಿಟ್ಟರೆ ಕುಕ್ಕರ್ ಜೊತೆ ಹಾಲಿನ ದುಡ್ಡು, ಸಿಲಿಂಡರ್ ದುಡ್ಡು, ರಾತ್ರಿ 12ಕ್ಕೆ ಸ್ಪೀಕರ್‌ನಲ್ಲಿ ಹಾಕಿದ ಫೋನು, ಎಲ್ಲವೂ ಒಟ್ಟಿಗೆ ಹೊರಬರುತ್ತದೆ.

ಬಿಟ್ಟು ಹೋಗೋಣ ಅಂದರೆ ಕರಾರು 11 ತಿಂಗಳದ್ದು. ಅಡ್ವಾನ್ಸ್‌ನಲ್ಲಿ ಅರ್ಧ ನನ್ನದು. ಬೆಂಗಳೂರಲ್ಲಿ ಇನ್ನೊಂದು ಮನೆಗೆ ಮತ್ತೆ ಅಷ್ಟು ಹೊಂದಿಸುವುದು ಸುಲಭವಲ್ಲ.

ನಿನ್ನೆ ರಾತ್ರಿ ನೀರು ಕುಡಿಯಲು ಎದ್ದೆ. ಅಡುಗೆಮನೆಯಲ್ಲಿ ಅವಳ ಚಪ್ಪಲಿ ಸದ್ದು ಕೇಳಿಸಿತು. ಬಾಗಿಲ ಚಿಲಕಕ್ಕೆ ಹೋದ ಕೈ ಅಲ್ಲೇ ನಿಂತಿತು. ಬಾಯಾರಿಕೊಂಡೇ ಮಲಗಿದೆ. ಅರ್ಧ ಬಾಡಿಗೆ ಕೊಡುವವಳು ನಾನೂ ಅಲ್ವಾ?